ರಜೆಗೆ ಮುನ್ನ ಲೆಕ್ಕಪತ್ರದ ಕೆಲಸ ಒಪ್ಪಿಸಿದ್ದು ಹೀಗೆ

ಪೀಣ್ಯದಲ್ಲಿ ಯಂತ್ರದ ಬಿಡಿಭಾಗ ತಯಾರಿಸುವ ಸಣ್ಣ ಕಾರ್ಖಾನೆಯೊಂದರ ಲೆಕ್ಕಪತ್ರ ನೋಡಿಕೊಳ್ಳುವವನು ನಾನು. ತಂಗಿಯ ಮದುವೆ ನಿಶ್ಚಯವಾದದ್ದು ನಮ್ಮ ಗಡುವುಗಳೆಲ್ಲ ಸಾಲುಗಟ್ಟುವ ದಿನಗಳಲ್ಲಿ: 7ಕ್ಕೆ ಟಿಡಿಎಸ್, 11ಕ್ಕೆ ಮಾರಾಟದ ವಿವರದ ಜಿಎಸ್‌ಟಿಆರ್‌-1, 15ಕ್ಕೆ ಪಿಎಫ್ ಮತ್ತು ಇಎಸ್‌ಐ, 20ಕ್ಕೆ ತಿಂಗಳ ತೆರಿಗೆ ಲೆಕ್ಕದ ಜಿಎಸ್‌ಟಿಆರ್‌-3ಬಿ. ನನ್ನ ಜಾಗದಲ್ಲಿ ಕೂರಬೇಕಾದವರು ವಿಭಾಗದ ಸಹಾಯಕಿ. ಬಿಲ್ ನಮೂದಿಸುವುದರಲ್ಲಿ ಪಳಗಿದ ಕೈ, ಆದರೆ ಹಣ ಬಿಡುವ ನಿರ್ಧಾರ ಅವರು ಅದುವರೆಗೆ ಮಾಡಿರಲಿಲ್ಲ.

ಗಡುವುಗಳ ಬಗ್ಗೆ ನನಗೆ ಚಿಂತೆ ಇರಲಿಲ್ಲ. ದಿನಾಂಕ ಬರೆದುಕೊಟ್ಟರೆ ಸಾಕು. ನನ್ನ ಸಮಯವೆಲ್ಲ ಹೋದದ್ದು ಅರ್ಧಕ್ಕೆ ನಿಂತ ಕೆಲಸಗಳ ಮೇಲೆ. ಅಂಥ ಪ್ರತಿಯೊಂದಕ್ಕೂ ಅರ್ಧ ಪುಟ ಬರೆದೆ: ಅದು ಏಕೆ ನಿಂತಿದೆ, ಈಗ ಯಾರ ಕೈಯಲ್ಲಿದೆ, ಮುಂದೆ ಏನಾದರೆ ಅವರು ತಾವೇ ತೀರ್ಮಾನಿಸಬಹುದು, ಏನಾದರೆ ಮಾಲೀಕರನ್ನು ಕೇಳಬೇಕು.

ಒಂದನ್ನು ವಿವರವಾಗಿ ಹೇಳುತ್ತೇನೆ. ಎರಕದ ಭಾಗಗಳನ್ನು ಕೊಡುವ ಸಣ್ಣ ಉದ್ಯಮವೊಂದರ ಬಿಲ್ ತಡೆಹಿಡಿದಿದ್ದೆವು. ಬಂದ 200 ಭಾಗಗಳಲ್ಲಿ 40 ಭಾಗಗಳ ಲೋಹದೊಳಗೆ ಗಾಳಿಗುಳ್ಳೆ ಇತ್ತು. ಪುಸ್ತಕದಲ್ಲಿ ಕಾಣುವುದು ಬಿಲ್ಲಿನ ದಿನಾಂಕ ಮತ್ತು ಬಾಕಿ ಮಾತ್ರ. ಎಂಎಸ್‌ಎಂಇ ಕಾಯ್ದೆಯಂತೆ ಇಂಥವರಿಗೆ, ಲಿಖಿತ ಒಪ್ಪಂದವಿದ್ದರೂ, 45 ದಿನ ಮೀರದಂತೆ ಹಣ ಕೊಡಬೇಕೆಂಬುದು ಸಹಾಯಕಿಗೆ ಗೊತ್ತು. ಗಡುವು ಹತ್ತಿರವಾಗಿದೆ, ಆ ಕಡೆಯಿಂದ ದಿನವೂ ಫೋನ್ ಬರುತ್ತಿದೆ ಎಂದು ಅವರು ಪೂರ್ತಿ ಹಣ ಹಾಕಿಬಿಡುವುದು ಸಹಜ. ಪುಸ್ತಕದಲ್ಲಿ ಇಲ್ಲದ ಸಂಗತಿ ಬೇರೆ ಇತ್ತು: ಮಾಲು ತಲುಪಿದ 15 ದಿನದೊಳಗೆ ನಾವು ಲಿಖಿತ ಆಕ್ಷೇಪ ಕಳುಹಿಸಿದ್ದೆವು. ಹಾಗೆ ಕಳುಹಿಸಿದಾಗ, ಪೂರೈಕೆದಾರರು ದೋಷ ಸರಿಪಡಿಸಿದ ದಿನವೇ ಮಾಲು ಒಪ್ಪಿಕೊಂಡ ದಿನವಾಗುತ್ತದೆ, 45 ದಿನದ ಎಣಿಕೆಯೂ ಅಲ್ಲಿಂದಲೇ. ಆ ಪತ್ರದ ಪ್ರತಿಯನ್ನು ಟಿಪ್ಪಣಿಯ ಜೊತೆಗೇ ಲಗತ್ತಿಸಿದೆ.

ಮಿತಿಯನ್ನು ಹೀಗೆ ಬರೆದೆ: "160 ಭಾಗಗಳು ಸರಿಯಿವೆ ಎಂದು ಗುಣಮಟ್ಟ ವಿಭಾಗ ಸಹಿ ಮಾಡಿದರೆ ಅಷ್ಟರ ಹಣವನ್ನು ನೀವೇ ಬಿಡಿ, ಯಾರನ್ನೂ ಕೇಳಬೇಕಿಲ್ಲ. ಉಳಿದ 40ಕ್ಕೆ ಬದಲಿ ಮಾಲು ಅಥವಾ ಕ್ರೆಡಿಟ್ ನೋಟ್ ಬರುವವರೆಗೆ ಒಂದು ರೂಪಾಯಿಯೂ ಬೇಡ. ಅವರು ರಿಯಾಯಿತಿ ದರಕ್ಕೆ ಇಟ್ಟುಕೊಳ್ಳಿ ಎಂದರೆ ಅದು ಮಾಲೀಕರ ತೀರ್ಮಾನ." ಮೊದಲ ಸಾಲಿನ "ಯಾರನ್ನೂ ಕೇಳಬೇಕಿಲ್ಲ" ಎಂಬುದನ್ನು ನಾನು ಬೇಕೆಂದೇ ಬರೆಯುತ್ತೇನೆ. ಅದಿಲ್ಲದಿದ್ದರೆ ಜವಾಬ್ದಾರಿ ಹೊತ್ತವರು ಎಲ್ಲಕ್ಕೂ ಅನುಮತಿಗಾಗಿ ಕಾಯುತ್ತಾರೆ, ಒಳ್ಳೆಯ 160 ಭಾಗಗಳ ಹಣವೂ ನಿಲ್ಲುತ್ತದೆ.

ಮಿತಿ ಎಂದರೆ ಯಾವಾಗಲೂ ರೂಪಾಯಿಯ ಲೆಕ್ಕವಲ್ಲ. ಇ-ಇನ್‌ವಾಯ್ಸ್ ತಪ್ಪಾದರೆ ಪೋರ್ಟಲ್‌ನಲ್ಲಿ ರದ್ದು ಮಾಡಲು 24 ಗಂಟೆ ಮಾತ್ರ ಅವಕಾಶ. ನನ್ನನ್ನೋ ಮಾಲೀಕರನ್ನೋ ಹುಡುಕುತ್ತಾ ಕುಳಿತರೆ ಆ ಅವಧಿಯೇ ಮುಗಿಯುತ್ತದೆ. ಆದ್ದರಿಂದ ಮಾಲು ಗೇಟು ದಾಟಿಲ್ಲದಿದ್ದರೆ ರದ್ದು ಮಾಡುವ ಪೂರ್ಣ ಅಧಿಕಾರ ಸಹಾಯಕಿಗೇ ಕೊಟ್ಟೆ. ಮಾಡಿದ ಮೇಲೆ ತಿಳಿಸಿದರೆ ಸಾಕು. ಜಿಎಸ್‌ಟಿಆರ್‌-3ಬಿಯಲ್ಲಿ ಇದಕ್ಕೆ ತದ್ವಿರುದ್ಧ. ಪೂರೈಕೆದಾರರು ತೋರಿಸಿದ ಬಿಲ್ಲುಗಳಿಂದ ಪೋರ್ಟಲ್‌ನಲ್ಲಿ 14ರಂದು ಸಿದ್ಧವಾಗುವ 2ಬಿ ಪಟ್ಟಿಯಲ್ಲಿ ಕಾಣದ ಬಿಲ್ಲಿನ ತೆರಿಗೆ ಜಮೆಯನ್ನು ಈ ತಿಂಗಳು ತೆಗೆದುಕೊಳ್ಳುವಂತಿಲ್ಲ. ಪೂರೈಕೆದಾರರು ಎಷ್ಟೇ ಭರವಸೆ ಕೊಟ್ಟರೂ ಅದರಲ್ಲಿ ಸಹಾಯಕಿಗೆ ಸ್ವಾತಂತ್ರ್ಯ ಇಟ್ಟಿರಲಿಲ್ಲ.

ಬ್ಯಾಂಕಿನ ವಿಷಯದಲ್ಲಿ ನಾನು ಬಹಳ ಕಟ್ಟುನಿಟ್ಟು. ನನ್ನ ಪಾಸ್‌ವರ್ಡ್ ಬರೆದುಕೊಟ್ಟು ಹೋಗುವುದು ಸುಲಭ, ಆದರೆ ಆಮೇಲೆ ಯಾವ ಪಾವತಿಯನ್ನು ಯಾರು ಮಾಡಿದರು ಎಂದು ಬ್ಯಾಂಕಿನ ದಾಖಲೆಯಿಂದ ತಿಳಿಯುವುದಿಲ್ಲ. ಸಹಾಯಕಿಯ ಹೆಸರಿನಲ್ಲೇ ಪಾವತಿ ನಮೂದಿಸುವ ಲಾಗಿನ್ ಮಾಡಿಸಿ, ಅನುಮೋದನೆಯನ್ನು ಮಾಲೀಕರ ಬಳಿ ಉಳಿಸಿದೆ. ಇದಕ್ಕೆ ಬ್ಯಾಂಕಿನ ಅರ್ಜಿ, ಸಹಿ ಎಂದು ದಿನಗಳು ಹಿಡಿಯುತ್ತವೆ. ರಜೆ ಮಂಜೂರಾದ ದಿನವೇ ಆರಂಭಿಸಬೇಕು. ಜಿಎಸ್‌ಟಿ ಸಲ್ಲಿಕೆಯ ಒಟಿಪಿ ಮಾಲೀಕರ ಮೊಬೈಲಿಗೆ ಹೋಗುವುದರಿಂದ 11 ಮತ್ತು 20ರಂದು ಅವರು ಊರಿನಲ್ಲಿರುತ್ತಾರೆಯೇ ಎಂದೂ ಕೇಳಿಕೊಂಡೆ.

ಹೊರಡುವ ಹಿಂದಿನ ಎರಡು ದಿನ ನಾನು ಕಚೇರಿಯಲ್ಲೇ ಇದ್ದು ಕೆಲಸ ಮುಟ್ಟಲಿಲ್ಲ. ಸಹಾಯಕಿ ಟಿಪ್ಪಣಿ ನೋಡಿಕೊಂಡೇ ಎಲ್ಲ ಮಾಡಿದರು. ಅವರು "ಸರ್, ಬದಲಿ ಮಾಲು 40ರ ಬದಲು 25 ಬಂದರೆ?" ಎಂದು ಕೇಳಿದಾಗ ಅದಕ್ಕೆ ಉತ್ತರ ಟಿಪ್ಪಣಿಯಲ್ಲಿ ಇರಲಿಲ್ಲ. ಬಂದಷ್ಟನ್ನು ಪರೀಕ್ಷಿಸಿ ಅಷ್ಟಕ್ಕೇ ಹಣ ಎಂದು ಆಗಲೇ ಸೇರಿಸಿದೆವು.

ತುರ್ತು ಖರೀದಿಗೆ 5,000 ರೂಪಾಯಿಯ ಮಿತಿ ಇಟ್ಟಿದ್ದೆ. ಹಿಂತಿರುಗಿ ಅವರ ತೀರ್ಮಾನಗಳ ಪಟ್ಟಿ ನೋಡಿದರೆ, ಮಾಲೀಕರನ್ನು ಕೇಳಿದ ಬಹುಪಾಲು ಸಂಗತಿಗಳು ಅದಕ್ಕಿಂತ ತುಸು ಹೆಚ್ಚಿನ ಕಟಿಂಗ್ ಟೂಲ್ ಬಿಲ್ಲುಗಳೇ. ಮುಂದಿನ ಬಾರಿಗೆ ಆ ಮಿತಿಯನ್ನು 10,000ಕ್ಕೆ ಏರಿಸಿದ್ದೇವೆ.