12ನೇ ಕಿಲೋಮೀಟರಿನಲ್ಲಿ ಹಾಕಿದ ಲೆಕ್ಕ

ನನಗೆ 43 ವರ್ಷ. ತುಮಕೂರಿನಲ್ಲಿ ಒಂದು ಸಣ್ಣ ಸ್ಟೇಷನರಿ ಅಂಗಡಿ ಇದೆ. ವಾರದಲ್ಲಿ ಮೂರು ದಿನ ಅಮಾನಿಕೆರೆ ಕಡೆ ಓಡುತ್ತೇನೆ, ಭಾನುವಾರ ಸ್ವಲ್ಪ ದೂರದ ಓಟ. 21.1 ಕಿಲೋಮೀಟರನ್ನು 2 ಗಂಟೆ 15 ನಿಮಿಷದೊಳಗೆ ಮುಗಿಸಬೇಕು ಅನ್ನುವುದು ಎರಡು ವರ್ಷದ ಹಟ. ಪ್ರತಿ ಸಲ ಅರ್ಧ ದಾರಿಯಲ್ಲಿ "ಈ ಸಲ ಆಯ್ತು" ಅನಿಸುತ್ತಿತ್ತು, ಕೊನೆಯಲ್ಲಿ ಮೂರ್ನಾಲ್ಕು ನಿಮಿಷ ತಪ್ಪುತ್ತಿತ್ತು. ಕಾಲಿಗಿಂತ ಲೆಕ್ಕವೇ ಮೋಸ ಮಾಡುತ್ತಿದೆ ಅಂತ ಗೊತ್ತಾಗಲು ತಡವಾಯಿತು.

ನಾನು ಹಾಕುತ್ತಿದ್ದದ್ದು ಅಂಗಡಿ ಲೆಕ್ಕ. 12 ಕಿಲೋಮೀಟರಿಗೆ ಇಷ್ಟು ಹೊತ್ತಾದರೆ 21.1ಕ್ಕೆ ಎಷ್ಟು? ಒಂದು ಡಜನ್ ಪೆನ್ನಿಗೆ ಇದು ಸರಿ. ಆದರೆ ನನ್ನ ಕೊನೆಯ ಕಿಲೋಮೀಟರು ಮೊದಲಿನದಕ್ಕಿಂತ ಯಾವಾಗಲೂ ನಿಧಾನ. 15 ದಾಟಿದ ಮೇಲೆ ಕಾಲು ಭಾರವಾಗುತ್ತದೆ, ಹೆಜ್ಜೆ ಗಿಡ್ಡವಾಗುತ್ತದೆ. ಈ ಇಳಿತವನ್ನು ಮೊದಲೇ ಲೆಕ್ಕಕ್ಕೆ ಸೇರಿಸಬೇಕಿತ್ತು.

ಎಷ್ಟು ಇಳಿತ ಅನ್ನುವುದನ್ನು ಬೇರೆಯವರಿಂದ ಕೇಳಿ ಪ್ರಯೋಜನವಿಲ್ಲ, ಅದು ಒಬ್ಬೊಬ್ಬರಿಗೆ ಒಂದೊಂದು. ನನ್ನದೇ ಹಿಂದಿನ ಮೂರು ಲಾಂಗ್ ರನ್ ತೆಗೆದು ನೋಡಿದೆ. ಮೊದಲ 4 ಕಿಲೋಮೀಟರ್ ಬಿಟ್ಟೆ, ಅಲ್ಲಿ ಮೈ ಇನ್ನೂ ಬಿಸಿಯಾಗಿರುವುದಿಲ್ಲ. 5ರಿಂದ 15ರವರೆಗಿನ ಸರಾಸರಿ ಪೇಸ್, ಅಂದರೆ ಒಂದು ಕಿಲೋಮೀಟರಿಗೆ ಹಿಡಿದ ಹೊತ್ತು, ಒಂದು ಕಡೆ, 15ರ ನಂತರದ್ದು ಇನ್ನೊಂದು ಕಡೆ ಬರೆದೆ. ಒಂದು ಸಲ 6:30 ಇದ್ದದ್ದು 7:00 ಆಗಿತ್ತು. ಇನ್ನೊಂದು ಸಲ 6:25 ಇದ್ದದ್ದು 6:52. ಮತ್ತೊಮ್ಮೆ 6:20 ಇದ್ದದ್ದು 6:54. ಸುಮಾರು 7, 8, 9 ಪರ್ಸೆಂಟ್. ನಡುವಿನ 8 ಇಟ್ಟುಕೊಂಡೆ.

ಮಾರ್ಚ್ ಕೊನೆಯ ಒಂದು ಭಾನುವಾರ ಪರೀಕ್ಷೆ. ಊರ ಹೊರಗಿನ ಸಮತಟ್ಟಾದ ರಸ್ತೆಯಲ್ಲಿ ಎರಡು ಸಲ ಹೋಗಿ ಬಂದರೆ 21.1 ಆಗುವ ಹಾಗೆ ಸೈಕಲ್ ಮೀಟರಿನಿಂದ ಅಳೆದಿದ್ದೆ. 12, 15 ಮತ್ತು 17 ಬರುವ ಕಡೆ ರಸ್ತೆ ಅಂಚಿಗೆ ಸುಣ್ಣದ ಗೆರೆ. ಪಕ್ಕದ ಮನೆ ಹುಡುಗ ನೀರು, ಓಆರ್‌ಎಸ್ ಹಿಡಿದು ಸೈಕಲ್‌ನಲ್ಲಿ ಜೊತೆಗಿದ್ದ. ಅವನು ಏಳಲು ತಡ ಮಾಡಿ, 5:30ಕ್ಕೆ ಹೊರಡಬೇಕಾದ ಓಟ 6 ಗಂಟೆಗೆ ಶುರುವಾಯಿತು. ಇದು ಆಮೇಲೆ ಲೆಕ್ಕಕ್ಕೆ ಬರುತ್ತದೆ.

12ರ ಗೆರೆ ತುಳಿದಾಗ ಅವನು ಕೂಗಿದ, "ಅಣ್ಣ, ಕರೆಕ್ಟಾಗಿ ಒಂದೂಕಾಲು ಗಂಟೆ!"

ಅಂದರೆ 75 ನಿಮಿಷ, ಕಿಲೋಮೀಟರಿಗೆ 6:15. ಇದೇ ವೇಗ ಕೊನೆಯವರೆಗೂ ಉಳಿದರೆ 2:11:52. ಹಳೆಯ ನಾನಾಗಿದ್ದರೆ ಮೂರು ನಿಮಿಷ ಉಳಿತಾಯ ಅಂತ ಅಲ್ಲೇ ಖುಷಿ ಪಡುತ್ತಿದ್ದೆ. ಈಗ ಇಳಿತ ಸೇರಿಸಬೇಕು. ಓಡುತ್ತಾ ಓಡುತ್ತಾ ದೊಡ್ಡ ಗುಣಾಕಾರ ಆಗುವುದಿಲ್ಲ, ಅದಕ್ಕೇ ಸುಲಭದ ದಾರಿ ಮಾಡಿಕೊಂಡಿದ್ದೆ. 6:15 ಅಂದರೆ 375 ಸೆಕೆಂಡ್. ಅದರ 8 ಪರ್ಸೆಂಟ್ 30 ಸೆಕೆಂಡ್. ಇಳಿತ ಇರುವುದು 15ರಿಂದಾಚೆಗಿನ 6.1 ಕಿಲೋಮೀಟರಿಗೆ ಮಾತ್ರ. ಅರ್ಧ ನಿಮಿಷ ಆರು ಸಲ ಅಂದರೆ ಮೂರು ನಿಮಿಷ, ಮೇಲೊಂದು ಮೂರು ಸೆಕೆಂಡ್. 2:11:52ಕ್ಕೆ ಅದನ್ನು ಕೂಡಿಸಿದರೆ 2:14:55. ಮೂರು ನಿಮಿಷದ ಉಳಿತಾಯ ಐದು ಸೆಕೆಂಡಿಗೆ ಬಂತು!

ಐದು ಸೆಕೆಂಡನ್ನು ನಂಬಬಾರದು ಅಂತಲೂ ಗೊತ್ತಿತ್ತು. ಇಳಿತ 8ರ ಬದಲು 9 ಆದರೆ 23 ಸೆಕೆಂಡ್ ಜಾಸ್ತಿ. ಸುಸ್ತು 15ರ ಬದಲು 14ಕ್ಕೇ ಶುರುವಾದರೆ ಇನ್ನೂ 30 ಸೆಕೆಂಡ್. ಹಾಗಾಗಿ ಉತ್ತರ ಸರಿಯಾಗಿ ಹೇಳಬೇಕೆಂದರೆ "2:14:30ರಿಂದ 2:15:50ರ ನಡುವೆ ಎಲ್ಲೋ". ಅಷ್ಟು ಗೊತ್ತಾದರೂ ಸಾಕು. ಕೈಯಲ್ಲಿ ಉಳಿತಾಯ ಇಲ್ಲ, ಆದ್ದರಿಂದ ನೀರಿಗೆ ನಿಲ್ಲಬಾರದು. ಹಾಗಂತ ಈಗಲೇ ಜೋರು ಮಾಡಿದರೆ ಇಳಿತವೇ ಹೆಚ್ಚಾಗುತ್ತದೆ. 6:15ನ್ನೇ ಹಿಡಿದುಕೊಂಡೆ.

ಇಲ್ಲಿ ವಾಚಿನ ವಿಷಯ ಹೇಳಲೇಬೇಕು. 12ರ ಗೆರೆಯಲ್ಲಿ ನನ್ನ ವಾಚ್ 12.15 ಕಿಲೋಮೀಟರ್ ತೋರಿಸುತ್ತಿತ್ತು. ಮರ, ಕಟ್ಟಡದ ಪಕ್ಕ ಜಿಪಿಎಸ್ ಅಂಕುಡೊಂಕಾಗಿ ಗೀರುತ್ತದೆ, ಆ ಡೊಂಕೂ ದೂರಕ್ಕೆ ಸೇರುತ್ತದೆ. ಅದನ್ನು ನಂಬಿದ್ದರೆ ನೇರ ಲೆಕ್ಕವೇ 2:10:15 ಬರುತ್ತಿತ್ತು, ಒಂದೂವರೆ ನಿಮಿಷಕ್ಕೂ ಜಾಸ್ತಿ ವ್ಯತ್ಯಾಸ. ರೇಸಿನಲ್ಲಾದರೆ ದಾರಿ ಬದಿಯ ಕಿಲೋಮೀಟರ್ ಬೋರ್ಡ್ ನೋಡಿ ಲೆಕ್ಕ ಹಾಕಿ, ವಾಚಿನಿಂದ ಸಮಯ ಮಾತ್ರ ತಗೊಳ್ಳಿ. ಆಟೋ ಪಾಜ್ ಕೂಡ ಆಫ್ ಇರಲಿ. ನಾವು ನಿಂತಾಗ ವಾಚ್ ನಿಲ್ಲಬಹುದು, ಗಡಿಯಾರ ನಿಲ್ಲುವುದಿಲ್ಲ ಅಲ್ವಾ?

15ಕ್ಕೆ 1:33:45. ಅಲ್ಲಿಯವರೆಗೂ ಲೆಕ್ಕ ಹಾಕಿದ ಹಾಗೇ ಇತ್ತು. ಆಮೇಲೆ ಬಿಸಿಲು ಬೆನ್ನಿಗೆ ಹತ್ತಿತು. ಮುಂದಿನ ಎರಡು ಕಿಲೋಮೀಟರ್ 6:50 ಮತ್ತು 6:55. 17ರ ಗೆರೆಯಲ್ಲಿ 1:47:30.

ಇಲ್ಲಿ ಲೆಕ್ಕ ತಪ್ಪುವ ದಾರಿ ಎರಡು. ಎರಡರಲ್ಲೂ ನಾನು ಹಿಂದೆ ಬಿದ್ದಿದ್ದೇನೆ. ಒಂದು, ಮತ್ತೆ ಒಟ್ಟು ಸರಾಸರಿ ತೆಗೆಯುವುದು. 17 ಕಿಲೋಮೀಟರಿನ ಸರಾಸರಿ ಇಟ್ಟರೆ 2:13:26 ಬರುತ್ತದೆ. ಚೆನ್ನಾಗಿ ಕಾಣುತ್ತದೆ, ಆದರೆ ಸುಳ್ಳು. ಬೆಳಗಿನ ತಂಪಿನ ಕಿಲೋಮೀಟರುಗಳು ಅದರಲ್ಲಿ ಬೆರೆತಿವೆ, ಆ ಕಾಲು ಈಗ ನನ್ನ ಬಳಿ ಇಲ್ಲ. ಇನ್ನೊಂದು, ಕೊನೆಯ ಎರಡು ಕಿಲೋಮೀಟರಿನ ಪೇಸ್ ತೆಗೆದುಕೊಂಡು ಅದರ ಮೇಲೆ ಮತ್ತೆ 8 ಪರ್ಸೆಂಟ್ ಹಾಕುವುದು. ಆಗ 2:17:56 ಬಂದು ಎದೆ ಒಡೆಯುತ್ತದೆ. ಆ ಪೇಸಿನಲ್ಲಿ ಇಳಿತ ಆಗಲೇ ಸೇರಿಹೋಗಿದೆ. ಒಂದೇ ಸಾಮಾನಿಗೆ ಎರಡು ಸಲ ಬಿಲ್ ಹಾಕಿದ ಹಾಗೆ.

ಇಳಿತ ಶುರುವಾದ ಮೇಲೆ ನಾನು ಈಗಿನ ಪೇಸನ್ನು ಉಳಿದ ದೂರಕ್ಕೆ ಸುಮ್ನೆ ಗುಣಿಸುತ್ತೇನೆ. ಆ ಎರಡರ ಸರಾಸರಿ ಸುಮಾರು 6:52, ಉಳಿದದ್ದು 4.1 ಕಿಲೋಮೀಟರ್. 28 ನಿಮಿಷ 11 ಸೆಕೆಂಡ್. ಒಟ್ಟು 2:15:41.

"ಆಗಲ್ಲ ಕಣೋ" ಅಂದೆ. "ಯಾಕಣ್ಣ, ಟೈಮ್ ಇನ್ನೂ ಇದೆಯಲ್ಲ!" ಅಂದ ಹುಡುಗ. ಮುಗಿಸಿದ್ದು 2:15:34.

ಈ ವಿಧಾನಕ್ಕೆ ಸಮತಟ್ಟು ರಸ್ತೆ ಬೇಕು. ಒಮ್ಮೆ ದೇವರಾಯನದುರ್ಗದ ಏರಿನಲ್ಲಿ ಹತ್ತಿ ಇಳಿಯುವ ಓಟಕ್ಕೆ ಇದನ್ನೇ ಹಾಕಿದ್ದೆ. ಮೇಲೆ ತಲುಪಿದಾಗ ಬಂದ ಉತ್ತರಕ್ಕೂ ಕೆಳಗೆ ಬಂದು ಮುಟ್ಟಿದ ಹೊತ್ತಿಗೂ ಸಂಬಂಧವೇ ಇರಲಿಲ್ಲ. ಇಳಿಜಾರು ಎಲ್ಲ ಇಳಿತವನ್ನೂ ನುಂಗಿತ್ತು. ಇನ್ನು ರೀಗಲ್ ಅನ್ನುವ ಅಮೆರಿಕದ ಎಂಜಿನಿಯರ್ 1977ರಲ್ಲಿ ಕೊಟ್ಟ ಸೂತ್ರವನ್ನು ಕೆಲವರು ಓಟದ ನಡುವೆಯೇ ಬಳಸುತ್ತಾರೆ. ಅದು ಪೂರ್ತಿ ದಮ್ಮು ಹಾಕಿ ಓಡಿದ ಒಂದು ರೇಸಿನಿಂದ ಬೇರೆ ದೂರದ ಇನ್ನೊಂದು ರೇಸಿನ ಸಮಯ ಊಹಿಸುವುದಕ್ಕೆ ಇರುವುದು. ನನ್ನ 12 ಕಿಲೋಮೀಟರ್ ಪೂರ್ತಿ ದಮ್ಮಿನದ್ದಲ್ಲ.

ಅವತ್ತು ಇಳಿತ 8 ಅಲ್ಲ, 10 ಪರ್ಸೆಂಟ್ ಹತ್ತಿರ ಆಗಿತ್ತು. ಅರ್ಧ ಗಂಟೆ ತಡವಾಗಿ ಹೊರಟ ಬಿಸಿಲಿನ ಬೆಲೆ ಅಂದುಕೊಂಡಿದ್ದೇನೆ, ಒಂದೇ ಓಟದಿಂದ ಖಚಿತವಾಗಿ ಹೇಳಲಾಗದು. ಮುಂದಿನ ಸಲಕ್ಕೆ ಲೆಕ್ಕವನ್ನು ಹಿಂದಿನಿಂದ ಹಾಕಿದೆ. 10 ಪರ್ಸೆಂಟ್ ಇಳಿತ ಇದ್ದರೆ ಕೊನೆಯ 6.1 ಕಿಲೋಮೀಟರ್ 6.71ರ ಹಾಗೆ ಭಾರ. 15 ಕೂಡಿಸಿದರೆ 21.71. 135 ನಿಮಿಷವನ್ನು ಅದರಿಂದ ಭಾಗಿಸಿದರೆ 6:13. ಚೀಟಿಯಲ್ಲಿ 12ರ ಎದುರು 1:14:37 ಅಂತ ಬರೆದಿಟ್ಟಿದ್ದೇನೆ. ಹುಡುಗನಿಗೆ ಎರಡು ಅಲಾರಂ ಇಡಲು ಹೇಳಿದ್ದೇನೆ.