ಮೊರಟೋರಿಯಂ ವರ್ಷದಲ್ಲಿ ಬಡ್ಡಿ ಏನಾಗುತ್ತೆ?

ಪಾವಗಡ ಕಡೆಯ ನಮ್ಮ ಸಹಕಾರ ಸಂಘದ ಸರ್ವಸದಸ್ಯರ ಸಭೆಯಲ್ಲಿ ಬೆಳೆ ಸಾಲದ ಬಗ್ಗೆ ಮಾತಾಡುವ ಕೆಲಸ ಕಾರ್ಯದರ್ಶಿಯಾದ ನನಗೇ ಬಿತ್ತು. ಆ ವರ್ಷ ಬರ, ಕಡಲೆಕಾಯಿ ಕೈಕೊಟ್ಟಿತ್ತು. ಸಾಲವನ್ನು ಅವಧಿ ಸಾಲವಾಗಿ ಬದಲಾಯಿಸಿ, ಮೊದಲ ವರ್ಷ ಕಂತು ಕಟ್ಟೋದು ಬೇಡ ಅಂತ ಆದೇಶ ಬಂದಿತ್ತು.

ನಮ್ಮಲ್ಲಿ ಒಂದು ತೊಡಕಿದೆ. ಸಂಘದ ಬೆಳೆ ಸಾಲವನ್ನು ವಾಯಿದೆ ಒಳಗೆ ಕಟ್ಟಿದರೆ ಬಡ್ಡಿ ಸೊನ್ನೆ. ಅದಕ್ಕೇ ಬಹಳ ಜನಕ್ಕೆ ಬಡ್ಡಿ ಲೆಕ್ಕವೇ ಮರೆತುಹೋಗಿದೆ. ನಾನು ಮಾತು ಶುರು ಮಾಡುತ್ತಿದ್ದಂತೆ ಹಿಂದಿನ ಸಾಲಿನಿಂದ ಒಬ್ಬರು ಕೇಳಿದರು: "ಮುಂದಕ್ಕೆ ಹಾಕಿದ್ರಲ್ಲ ಸಾರ್, ಬಡ್ಡಿನೂ ನಿಂತಂಗೇ ಅಲ್ವಾ?"

"ಕಟ್ಟೋದು ನಿಂತಿದೆ ಅಣ್ಣ, ಓಡೋದು ನಿಂತಿಲ್ಲ" ಅಂದೆ.

ಗೊಬ್ಬರದ ದರ ಬರೆಯುವ ಬೋರ್ಡ್ ಒರೆಸಿ ಲೆಕ್ಕ ಹಾಕಿದೆ. ಅಸಲು 90,000 ರೂಪಾಯಿ. ಬಡ್ಡಿ ಶೇಕಡ 9 ಅಂತ ಇಟ್ಟುಕೊಂಡೆವು, ಸುಮ್ನೆ ಲೆಕ್ಕಕ್ಕೆ. ನಿಜವಾದ ದರ ಆದೇಶದಲ್ಲೇ ಇರುತ್ತೆ. ಮೊದಲ ವರ್ಷ ಮೊರಟೋರಿಯಂ, ಆಮೇಲೆ ವರ್ಷಕ್ಕೆ 30,000ದಂತೆ ಮೂರು ಕಂತು.

ಮೊದಲ ವರ್ಷ ಕಟ್ಟುವುದು ಏನೂ ಇಲ್ಲ. ಆದರೆ 8,100 ರೂಪಾಯಿ ಬಡ್ಡಿ ಸದ್ದಿಲ್ಲದೆ ಬೆಳೆದಿರುತ್ತೆ. ಎರಡನೇ ವರ್ಷದ ಕೊನೆಗೆ ಕಂತು 30,000, ಆ ವರ್ಷದ ಬಡ್ಡಿ 8,100, ಹಿಂದಿನ ಬಾಕಿ 8,100, ಒಟ್ಟು 46,200. ಸಭೆ ಗಪ್‌ಚಿಪ್ ಆಗಿದ್ದು ಇಲ್ಲೇ. ಅಸಲು 60,000ಕ್ಕೆ ಇಳಿದ ಮೇಲೆ ಬಡ್ಡಿ 5,400, ಕೊನೆಯ ವರ್ಷ 2,700. ಎಲ್ಲ ಕೂಡಿದರೆ ಬಡ್ಡಿ 24,300. ಮೊರಟೋರಿಯಂ ಇಲ್ಲದಿದ್ದರೆ 16,200 ಆಗುತ್ತಿತ್ತು.

ಇನ್ನೊಂದು ರೀತಿಯೂ ಇದೆ. ಆ 8,100ನ್ನು ಅಸಲಿಗೇ ಸೇರಿಸಿಬಿಟ್ಟರೆ ಅಸಲು 98,100 ಆಗುತ್ತೆ. ಎರಡನೇ ವರ್ಷದ ಬಡ್ಡಿ 8,829. ಅಂದರೆ 729 ಜಾಸ್ತಿ. ಬಡ್ಡಿಯ ಮೇಲೆ ಬಡ್ಡಿ ಅಂದರೆ ಇದೇ. ಅದಕ್ಕೇ ಕಾಗದಕ್ಕೆ ಸಹಿ ಹಾಕುವ ಮೊದಲು "ಈ ವರ್ಷದ ಬಡ್ಡಿ ಬೇರೆ ಇಡ್ತೀರೋ, ಅಸಲಿಗೆ ಸೇರಿಸ್ತೀರೋ?" ಅಂತ ಕೇಳಿ ಅಂದೆ.

"ಹಂಗಾದ್ರೆ ಇದು ಬೇಡವೇ ಬೇಡ" ಅಂತ ಒಬ್ಬರು ಎದ್ದರು. ಅದೂ ಸರಿಯಲ್ಲ. ಸಾಲ ಬದಲಾಯಿಸದೆ ವಾಯಿದೆ ಮೀರಿದರೆ ಸುಸ್ತಿದಾರರ ಪಟ್ಟಿಗೆ ಹೆಸರು ಹೋಗುತ್ತೆ, ಮುಂದಿನ ಬಿತ್ತನೆಗೆ ಸಾಲ ಸಿಗೋದು ಕಷ್ಟ. ಕೈಯಲ್ಲಿ ನಿಜವಾಗಲೂ ದುಡ್ಡಿಲ್ಲದವರಿಗೆ ಆ 8,100 ದುಬಾರಿಯಲ್ಲ ಅನ್ನೋದು ನನ್ನ ಅಭಿಪ್ರಾಯ. ಕುರಿ ಮಾರಿದ ದುಡ್ಡು ಇರೋರು ಸುಮ್ನೆ ಇಟ್ಟುಕೊಳ್ಳಬಾರದು ಅಷ್ಟೇ. ಮೊರಟೋರಿಯಂ ವರ್ಷದಲ್ಲೂ ಕಟ್ಟಬಹುದು. 30,000 ಅಸಲಿಗೆ ಜಮಾ ಆದರೆ ವರ್ಷಕ್ಕೆ 2,700 ಬಡ್ಡಿ ಉಳಿಯುತ್ತೆ.

ಆದರೆ ಕಟ್ಟಿದ ದುಡ್ಡು ಸಾಮಾನ್ಯವಾಗಿ ಮೊದಲು ಬಡ್ಡಿಗೆ ಹೋಗುತ್ತೆ, ಉಳಿದದ್ದು ಅಸಲಿಗೆ. ಹಾಗಾಗಿ ರಸೀದಿಯಲ್ಲಿ ಎರಡೂ ಬೇರೆ ಬೇರೆ ಕಾಣಬೇಕು. ಸಭೆ ಮುಗಿದ ಮೇಲೆ ನಮ್ಮ ಗುಮಾಸ್ತರಿಗೆ ಅದನ್ನೇ ಹೇಳಿದೆ: ಒಟ್ಟು ಮೊತ್ತ ಮಾತ್ರ ಬರೆದು ಕೊಡಬೇಡಿ, ಅಸಲು ಎಷ್ಟು, ಬಡ್ಡಿ ಎಷ್ಟು ಅಂತ ಬಿಡಿಸಿ ಬರೆಯಿರಿ.