ಏಣಿ ಲೆಕ್ಕ: ಪುಟದ ನಡುವೆ ಗೆರೆ ಎಳೆಸಿದ್ದು ಕೊನೆಗೂ ಕೆಲಸ ಮಾಡಿತು

ದ್ವಿತೀಯ ಪಿಯುಸಿಯ ಆ ಲೆಕ್ಕ ನಿಮಗೆಲ್ಲ ಬಾಯಿಪಾಠ: ಗೋಡೆಗೆ ಒರಗಿಸಿದ 5 ಮೀಟರ್ ಏಣಿ, ಬುಡವನ್ನು ಸೆಕೆಂಡಿಗೆ 2 ಸೆಂ.ಮೀ. ಎಳೆಯುತ್ತಾರೆ, ಬುಡ 4 ಮೀಟರ್ ದೂರವಿದ್ದಾಗ ತುದಿ ಎಷ್ಟು ವೇಗದಲ್ಲಿ ಇಳಿಯುತ್ತದೆ? "ಒಂದು ಲೆಕ್ಕಕ್ಕೆ ಎರಡು ಪೀರಿಯಡ್ ಯಾಕ್ರೀ, ಸೂತ್ರ ಬರೆಸಿ ಮುಗಿಸಿ" ಅಂತ ಸ್ಟಾಫ್ ರೂಮಿನಲ್ಲಿ ಹೇಳಿಸಿಕೊಂಡಿದ್ದೇನೆ.

ಮೊದಲು ಪೇಂಟರ್ ಹತ್ತಿರ ಏಣಿ ಬಾಡಿಗೆ ತಂದೆ. ಆಟೋ ಸೇರಿ ಐನೂರರ ಹತ್ತಿರ ಕೈಬಿಟ್ಟಿತು. ಸಮವೇಗದಲ್ಲಿ ಎಳೆಯಲು ಯಾರಿಂದಲೂ ಆಗಲಿಲ್ಲ; ಹುಡುಗರಿಗೆ ತಮಾಷೆಯಾಯಿತು, ಪರೀಕ್ಷೆಯಲ್ಲಿ ಮತ್ತೆ ಅದೇ ತಪ್ಪು: x = 4 ಮೊದಲೇ ತುಂಬಿ, ಆಮೇಲೆ ಅವಕಲಿಸಿ, ಉತ್ತರ ಸೊನ್ನೆ.

ಆಮೇಲೆ ಪುಟದ ನಡುವೆ ಗೆರೆ ಎಳೆಸಿದೆ. ಎಡಕ್ಕೆ "ಯಾವಾಗಲೂ ನಿಜ", ಬಲಕ್ಕೆ "ಆ ಕ್ಷಣಕ್ಕೆ ಮಾತ್ರ". ಏಣಿಯ ಉದ್ದ ಎಡಕ್ಕೆ, 4 ಮೀಟರ್ ಬಲಕ್ಕೆ. ಎಲ್ಲವೂ ಸೆಂ.ಮೀ.ನಲ್ಲೇ:

```
x² + y² = 500²          | x = 400, y = 300
2x·dx/dt + 2y·dy/dt = 0 | dx/dt = 2
```

ಎಡಗಡೆ t ಗೆ ಅವಕಲಿಸಿ ಮುಗಿಯುವ ತನಕ ಬಲಗಡೆಯ ಒಂದು ಅಂಕಿಯೂ ಗೆರೆ ದಾಟಬಾರದು. ದಾಟಿದ ಮೇಲೆ dy/dt = −8/3 ಸೆಂ.ಮೀ./ಸೆ.

ಮೀಟರನ್ನು ಹಾಗೇ ಬಿಟ್ಟರೂ ಇಲ್ಲಿ ಉತ್ತರ ಸರಿಯಾಗಿಯೇ ಬರುತ್ತದೆ, ಏಕೆಂದರೆ x/y ಅನುಪಾತದಲ್ಲಿ ಮಾನ ಹೊಡೆದುಹೋಗುತ್ತದೆ. ಅದಕ್ಕೇ ಈ ಲೆಕ್ಕ ಮೋಸಗಾರ. ಏಣಿ ನೆಲದ ಜೊತೆ ಮಾಡುವ ಕೋನ θ ಎಷ್ಟು ವೇಗದಲ್ಲಿ ಬದಲಾಗುತ್ತದೆ ಅಂತ ನಾನು ಕೇಳತೊಡಗಿದೆ. x = 500 cos θ ಆದ್ದರಿಂದ dθ/dt = −(1/y)·dx/dt. ಇಲ್ಲಿ 2ನ್ನು 3ರಿಂದ ಭಾಗಿಸಿದವರಿಗೆ ಸೆಕೆಂಡಿಗೆ 2/3 ರೇಡಿಯನ್, ಅಂದರೆ 38 ಡಿಗ್ರಿ! ಏಣಿ ಧಡಾರನೆ ಬೀಳಬೇಕಿತ್ತು. 2ನ್ನು 300ರಿಂದ ಭಾಗಿಸಿದರೆ 1/150 ರೇಡಿಯನ್, ಅರ್ಧ ಡಿಗ್ರಿಯೂ ಇಲ್ಲ.

ಅನುಮಾನಪಟ್ಟವರಿಗೆ ಕ್ಯಾಲ್ಕುಲೇಟರ್ ಕೊಟ್ಟೆ. ಒಂದು ಸೆಕೆಂಡ್ ಕಳೆದರೆ x = 402; y ಸುಮಾರು 297.3. ಇಳಿದದ್ದು 2.7ರ ಆಸುಪಾಸು, 8/3ಕ್ಕೆ ಸಾಕಷ್ಟು ಹತ್ತಿರ. ಮುಂದಿನ ಟೆಸ್ಟಿನಲ್ಲಿ ತರಗತಿಯ ಮುಕ್ಕಾಲು ಪಾಲು ಸರಿಯಾಗಿ ಬರೆದರು. ಸೂತ್ರ ಬರೆಸಿ ಅಂದವರೇ ಈಗ ನನ್ನ ನೋಟ್ಸ್ ಕೇಳುತ್ತಾರೆ. ಬಾಯಿಪಾಠದವರನ್ನು ಹಿಡಿಯಲು ಆ ಟೆಸ್ಟಿನಲ್ಲಿ ಅಂಕಿಗಳನ್ನು ಹೇಗೆ ಆರಿಸುತ್ತೇನೆ ಅನ್ನುವುದನ್ನು ಮಾತ್ರ ಯಾರಿಗೂ ಕೊಟ್ಟಿಲ್ಲ.

ಒಬ್ಬಳು y = 1 ಹಾಕಿ ನೋಡಿದಳು: ಸೆಕೆಂಡಿಗೆ ಸುಮಾರು 10 ಮೀಟರ್! ಅಷ್ಟು ಕೆಳಗೆ ಬರುವ ಮೊದಲೇ ನಿಜವಾದ ಏಣಿಯ ತುದಿ ಗೋಡೆ ಬಿಟ್ಟಿರುತ್ತದೆ; x² + y² = 500² ಅನ್ನುವ ಎಡಗಡೆಯ ಸಾಲೇ ಅಲ್ಲಿ ನಿಲ್ಲುವುದಿಲ್ಲ.